ಊಟದ ಮೇಜಿನ ಮೇಲೆ ಪೆಂಡೆಂಟ್ ಲೈಟ್: ಎಷ್ಟು ಕೆಳಗೆ ತೂಗಬೇಕು, ಹೇಗೆ ಕಟ್ಟಬೇಕು

ಪೆಂಡೆಂಟ್ ಲೈಟ್ ಎಷ್ಟು ಎತ್ತರದಲ್ಲಿರಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಮೇಜಿನಿಂದ ಶೇಡಿನ ಕೆಳಅಂಚಿಗೆ 75ರಿಂದ 90 ಸೆಂಟಿಮೀಟರ್ ಎನ್ನುವುದು ಎಲ್ಲರೂ ಕೊಡುವ ಉತ್ತರ. ಅದು ತಪ್ಪಲ್ಲ, ಆದರೆ ಅಷ್ಟು ತಿಳಿದರೆ ಸಾಲದು. ಅದೇ ಅಳತೆಯಲ್ಲಿ ಒಂದು ಶೇಡ್ ಹಿತವಾಗಿ ಕಾಣುತ್ತದೆ, ಇನ್ನೊಂದು ಊಟ ಮುಗಿಯುವವರೆಗೂ ಕಣ್ಣಿಗೆ ಚುಚ್ಚುತ್ತದೆ. ಕಾರಣ ಶೇಡಿನ ಒಳಗಿದೆ, ಬಲ್ಬು ಎಷ್ಟು ಆಳದಲ್ಲಿ ಕೂತಿದೆ ಎನ್ನುವುದರಲ್ಲಿ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು. ದೀಪದ ಭಾರವನ್ನು ಹೊತ್ತಿರುವುದು ಯಾವುದು? ಹಲವು ಕಡೆ ಅದು ಕರೆಂಟ್ ಹರಿಯುವ ತಾಮ್ರದ ಎಳೆಗಳ ಮೇಲೇ ಬಿದ್ದಿರುತ್ತದೆ. ಅದನ್ನು ತಪ್ಪಿಸಲೆಂದೇ ಕಾರ್ಡ್ ಗ್ರಿಪ್ ಇರುವುದು. ಈ ಎರಡು ವಿಷಯ ಸರಿಹೋದರೆ ಉಳಿದದ್ದು ಸುಲಭ.

ಮೊದಲು ಒಂದು ಎಚ್ಚರಿಕೆ. ಹಲವು ದೇಶಗಳಲ್ಲಿ ಮನೆಯ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾತ್ರ ಮಾಡಬೇಕೆಂಬ ನಿಯಮವಿದೆ. ನೀವಿರುವ ಕಡೆ ಹೇಗಿದೆ ಎಂದು ನೋಡಿಕೊಳ್ಳಿ. ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದರೂ ಎತ್ತರ ನಿರ್ಧರಿಸುವ ಕೆಲಸ ನಿಮ್ಮದೇ. ಅದನ್ನು ಅವರು ಬರುವ ಮೊದಲೇ ಮುಗಿಸಿಟ್ಟಿರಿ.

ಯಾವ ಭಾಗಕ್ಕೆ ಏನೆನ್ನುತ್ತಾರೆ

ಸೀಲಿಂಗ್ ರೋಸ್ ಎಂದರೆ ಚಾವಣಿಗೆ ಅಂಟಿಕೊಂಡು ಕೂರುವ ಬಟ್ಟಲಿನಂಥ ಭಾಗ. ಮನೆಯ ವೈರಿಂಗ್ ಮತ್ತು ದೀಪದ ವೈರ್ ಸೇರುವುದು ಇದರೊಳಗೆ. ಅಲಂಕಾರದ ದೀಪಗಳಲ್ಲಿ ಸಾಮಾನ್ಯವಾಗಿ ಎರಡು ತುಂಡು ಇರುತ್ತವೆ: ಚಾವಣಿಗೆ ಸ್ಕ್ರೂ ಹಾಕುವ ಪಟ್ಟಿ, ಅದನ್ನು ಮುಚ್ಚುವ ಬಟ್ಟಲು. ಬಟ್ಟಲಿನ ನಡುವಿನ ರಂಧ್ರದಲ್ಲಿ ಕಾರ್ಡ್ ಗ್ರಿಪ್ ಕೂರುತ್ತದೆ.

ಕಾರ್ಡ್ ಗ್ರಿಪ್ ಎಂದರೆ ವೈರನ್ನು ಹೊರಗಿನಿಂದ ಬಿಗಿಯಾಗಿ ಕಚ್ಚಿ ಹಿಡಿಯುವ ಚಿಕ್ಕ ಭಾಗ. ಎರಡು ಬಗೆ ಹೆಚ್ಚಾಗಿ ಸಿಗುತ್ತವೆ. ಒಂದರಲ್ಲಿ ಪಕ್ಕದಿಂದ ಒಂದು ಚಿಕ್ಕ ಸ್ಕ್ರೂ ಒಳಗೆ ಬಂದು ವೈರನ್ನು ಒತ್ತುತ್ತದೆ. ಇನ್ನೊಂದರಲ್ಲಿ ಟೋಪಿಯಂಥ ನಟ್ಟನ್ನು ತಿರುಗಿಸಿದಂತೆ ಒಳಗಿನ ತೋಳು ಸುತ್ತಲೂ ಕುಗ್ಗಿ ವೈರನ್ನು ಹಿಡಿಯುತ್ತದೆ. ಬಟ್ಟೆ ಸುತ್ತಿದ ವೈರಾದರೆ ಎರಡನೆಯದೇ ವಾಸಿ ಎನ್ನುತ್ತೇನೆ, ಯಾಕೆಂದರೆ ಅದು ಒಂದೇ ಕಡೆ ಒತ್ತುವುದಿಲ್ಲ. ಮೊದಲ ಬಗೆಯನ್ನೇ ಕೊಂಡರೆ ಸ್ಕ್ರೂ ತುದಿ ಪ್ಲಾಸ್ಟಿಕ್‌ನದ್ದಾಗಿರಲಿ. ಲೋಹದ ಚೂಪು ತುದಿ ಬಿಗಿದಷ್ಟೂ ವೈರಿನ ಮೈಯೊಳಗೆ ಇಳಿಯುತ್ತದೆ.

ಹಳೆಯ ಬಗೆಯ ಪ್ಲಾಸ್ಟಿಕ್ ರೋಸ್‌ಗಳಲ್ಲಿ ಬೇರೆ ಗ್ರಿಪ್ ಇರುವುದಿಲ್ಲ. ಒಳಗೆ ಎರಡು ಕೊಕ್ಕೆಗಳಿರುತ್ತವೆ. ವೈರಿನ ಒಳತಂತಿಗಳನ್ನು ಒಂದೊಂದು ಕೊಕ್ಕೆಗೆ ಒಂದರಂತೆ ಬಳಸಿ ಆಮೇಲೆ ಟರ್ಮಿನಲ್‌ಗೆ, ಅಂದರೆ ತಂತಿ ಸಿಕ್ಕಿಸುವ ಸ್ಕ್ರೂಗೆ, ಕೊಡಬೇಕು. ಆ ಕೊಕ್ಕೆಗಳನ್ನು ಬಿಟ್ಟು ನೇರವಾಗಿ ಟರ್ಮಿನಲ್‌ಗೆ ಕೊಟ್ಟರೆ ದೀಪ ಉರಿಯುತ್ತದೆ ನಿಜ, ಭಾರ ಮಾತ್ರ ಇರಬಾರದ ಜಾಗಕ್ಕೆ ಬೀಳುತ್ತದೆ.

ವೈರಿನ ದಪ್ಪವನ್ನೂ ನೋಡಿ. ಒಳತಂತಿ 0.5 ಚದರ ಮಿಲಿಮೀಟರ್ ಇದ್ದರೆ 2 ಕಿಲೋ, 0.75 ಇದ್ದರೆ 3 ಕಿಲೋ, 1 ಇದ್ದರೆ 5 ಕಿಲೋ ತೂಗಬಹುದು ಎನ್ನುವುದು ರೂಢಿಯ ಮಿತಿ. ರೋಸ್ ಮತ್ತು ಹೋಲ್ಡರ್ ಮೇಲೆ ಇದಕ್ಕಿಂತ ಕಡಿಮೆ ತೂಕ ಬರೆದಿದ್ದರೆ ಆ ಕಡಿಮೆಯದ್ದೇ ಲೆಕ್ಕಕ್ಕೆ. ಗಾಜಿನ ದೊಡ್ಡ ಶೇಡ್ ಈ ಮಿತಿ ದಾಟುವಂತಿದ್ದರೆ ವೈರಿನಲ್ಲಿ ತೂಗಬೇಡಿ. ಚಾವಣಿಯ ಕೊಕ್ಕೆಗೆ ಸರಪಳಿ ಅಥವಾ ಉಕ್ಕಿನ ಹಗ್ಗ ಕಟ್ಟಿ, ವೈರನ್ನು ಅದರ ಪಕ್ಕದಲ್ಲಿ ಸಡಿಲವಾಗಿ ಬಿಡಿ.

ಶೇಡ್, ಹೋಲ್ಡರ್ ಅಥವಾ ರೋಸ್‌ನ ಬಟ್ಟಲು ಲೋಹದ್ದಾಗಿದ್ದರೆ ಮೂರು ಒಳತಂತಿಯ ವೈರ್ ಬೇಕು. ಮೂರನೆಯದು ಅರ್ಥಿಂಗ್‌ಗೆ.

1. ಮೇಜನ್ನು ಮೊದಲು ಅದರ ಜಾಗಕ್ಕೆ ತನ್ನಿ

ದೀಪ ಬರಬೇಕಾದ್ದು ಮೇಜಿನ ನಡುವಿಗೆ, ಕೋಣೆಯ ನಡುವಿಗಲ್ಲ. ಕುರ್ಚಿಗಳನ್ನು ಎಳೆದು ಕೂತು ನೋಡಿ, ಮೇಜು ನಿಜವಾಗಿ ಎಲ್ಲಿ ನಿಲ್ಲುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಮೇಜಿನ ನಡುವೆ ಒಂದು ಗುರುತು ಹಾಕಿ. ಚಾವಣಿಯಿಂದ ದಾರಕ್ಕೆ ನಟ್ಟೋ ಬೀಗದ ಕೈಯೋ ಕಟ್ಟಿ ಇಳಿಬಿಟ್ಟು, ಅದು ಗುರುತಿನ ಮೇಲೆ ನಿಲ್ಲುವ ಜಾಗವನ್ನು ಚಾವಣಿಯಲ್ಲಿ ಪೆನ್ಸಿಲಿನಿಂದ ಗುರುತಿಸಿ.

ಈಗಿರುವ ಲೈಟ್ ಪಾಯಿಂಟ್ ಬೇರೆ ಕಡೆ ಇದ್ದರೆ ಗಾಬರಿ ಬೇಡ. ರೋಸ್ ಅನ್ನು ಪಾಯಿಂಟ್ ಇರುವಲ್ಲೇ ಕೂರಿಸಿ, ಮೇಜಿನ ನೇರಕ್ಕೆ ಚಾವಣಿಯಲ್ಲಿ ಒಂದು ಕೊಕ್ಕೆ ಹಾಕಿ, ವೈರನ್ನು ಅಲ್ಲಿಗೆ ಒಯ್ದು ಇಳಿಸಬಹುದು. ಈ ಕೊಕ್ಕೆಯಲ್ಲೂ ವೈರನ್ನು ಕಚ್ಚಿ ಹಿಡಿಯುವ ಗ್ರಿಪ್ ಇರಲಿ. ಇಲ್ಲದಿದ್ದರೆ ವೈರ್ ಮೆಲ್ಲಗೆ ಜಾರಿ ದೀಪ ಕೆಳಗಿಳಿಯುತ್ತದೆ.

2. ಎತ್ತರವನ್ನು ಕೂತು ನೋಡಿ ನಿರ್ಧರಿಸಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೇ. ಎರಡು ವಿಷಯಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ದೀಪ ತುಂಬಾ ಕೆಳಗಿದ್ದರೆ ಎದುರು ಕೂತವರ ಮುಖ ಮರೆಯಾಗುತ್ತದೆ. ತುಂಬಾ ಮೇಲಿದ್ದರೆ ಶೇಡಿನ ಅಂಚಿನ ಅಡಿಯಿಂದ ಬಲ್ಬು ಕಣ್ಣಿಗೆ ಬೀಳುತ್ತದೆ. ಮೇಲೆತ್ತಿದರೆ ಕಣ್ಣಿಗೆ ಹಿತ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಆಗುವುದು ಅದಕ್ಕೆ ಉಲ್ಟಾ.

ಒಂದು ಲೆಕ್ಕ ಹಾಕಿ ನೋಡೋಣ. ಮೇಜು 75 ಸೆಂ.ಮೀ. ಎತ್ತರ, 90 ಸೆಂ.ಮೀ. ಅಗಲ. ಶೇಡ್ 40 ಸೆಂ.ಮೀ. ಅಗಲ, ಅಂದರೆ ನಡುವಿನಿಂದ ಅಂಚಿಗೆ 20. ಕುರ್ಚಿಯಲ್ಲಿ ಕೂತವರ ಕಣ್ಣು ಮೇಜಿನಿಂದ ಸುಮಾರು 45 ಸೆಂ.ಮೀ. ಮೇಲಿರುತ್ತದೆ. ಮೇಜಿನ ನಡುವಿನಿಂದ ಅಡ್ಡಕ್ಕೆ ಅಳೆದರೆ ಕಣ್ಣು ಸುಮಾರು 70 ದೂರದಲ್ಲಿದೆ ಎನ್ನಿ. ಹಾಗಾದರೆ ಶೇಡಿನ ಹತ್ತಿರದ ಅಂಚು ಕಣ್ಣಿನಿಂದ 50 ದೂರ.

ಶೇಡಿನ ಅಂಚನ್ನು ಮೇಜಿನಿಂದ 75ಕ್ಕೆ ಇಟ್ಟರೆ ಅದು ಕಣ್ಣಿಗಿಂತ 30 ಮೇಲಿರುತ್ತದೆ. ಕಣ್ಣಿನಿಂದ ಅಂಚನ್ನು ಸವರಿಕೊಂಡು ಹೋಗುವ ನೋಟ 50 ದೂರಕ್ಕೆ 30 ಏರಿದೆ. ಅಂದಮೇಲೆ ಮುಂದಿನ 20ಕ್ಕೆ ಇನ್ನೂ 12 ಏರುತ್ತದೆ. ಅಂದರೆ ಶೇಡಿನ ನಡುವೆ, ಅಂಚಿನಿಂದ 12 ಸೆಂ.ಮೀ. ಒಳಗಿನವರೆಗೂ ಕಾಣುತ್ತದೆ. ಬಲ್ಬಿನ ತುದಿ ಅದಕ್ಕಿಂತ ಮೇಲಿದ್ದರೆ ಮರೆ, ಕೆಳಗಿದ್ದರೆ ಕಣ್ಣಿಗೆ ನೇರ.

ಅದೇ ದೀಪವನ್ನು 90ಕ್ಕೆ ಏರಿಸಿದರೆ 18 ಸೆಂ.ಮೀ. ಒಳಗಿನವರೆಗೆ ಕಾಣುತ್ತದೆ. 65ಕ್ಕೆ ಇಳಿಸಿದರೆ 8 ಮಾತ್ರ. ನೋಡಿದಿರಾ, ಎತ್ತಿದಷ್ಟೂ ಬಲ್ಬು ಜಾಸ್ತಿ ಕಾಣುತ್ತದೆ.

ಈಗ ನಿಮ್ಮ ಶೇಡನ್ನು ತಲೆಕೆಳಗಾಗಿ ಹಿಡಿದು, ಬಲ್ಬು ಹಾಕಿ, ಅಂಚಿಗೆ ಅಡ್ಡವಾಗಿ ಒಂದು ಪಟ್ಟಿ ಇಟ್ಟು, ಅಲ್ಲಿಂದ ಬಲ್ಬಿನ ತುದಿಗೆ ಎಷ್ಟು ಆಳ ಎಂದು ಅಳೆಯಿರಿ. ಈ ಉದಾಹರಣೆಯ ಶೇಡ್ 22 ಸೆಂ.ಮೀ. ಆಳದ್ದು. ಮಾಮೂಲಿ ಬಲ್ಬು ಹಾಕಿದರೆ ಅದರ ತುದಿ ಅಂಚಿನಿಂದ 8 ಸೆಂ.ಮೀ. ಒಳಗೆ ನಿಲ್ಲುತ್ತದೆ. 75ರಲ್ಲಿ ತೂಗಿದರೆ ಬಲ್ಬಿನ ಕೆಳಗಿನ 4 ಸೆಂ.ಮೀ. ಕಾಣುತ್ತದೆ. ಗಿಡ್ಡನೆಯ ಗುಂಡು ಬಲ್ಬು ಹಾಕಿದರೆ ತುದಿ ಇನ್ನೆರಡು ಸೆಂಟಿಮೀಟರ್ ಮೇಲೆ ಹೋಗಿ 10 ಆಗುತ್ತದೆ. ದೀಪವನ್ನು 70ಕ್ಕೆ ಇಳಿಸಿದರೆ ನೋಟ ಏರುವುದೂ 10ರವರೆಗೆ. ಅಲ್ಲಿಗೆ ಬಲ್ಬು ಮರೆಯಾಯಿತು. ಅಂಚು ಕಣ್ಣಿಗಿಂತ 25 ಸೆಂ.ಮೀ. ಮೇಲೇ ಇರುವುದರಿಂದ ಎದುರಿನವರ ಮುಖಕ್ಕೂ ಅಡ್ಡವಿಲ್ಲ. ಹಾಗಾಗಿ ಈ ಶೇಡಿಗೆ 70 ಎಂದು ತೀರ್ಮಾನ.

ಲೆಕ್ಕ ಹಾಕಿದ ಮೇಲೂ ಒಮ್ಮೆ ಕಣ್ಣಾರೆ ನೋಡಿ. ವೈರ್ ಜೋಡಿಸದೆ, ಖಾಲಿ ಶೇಡನ್ನು ಗಟ್ಟಿ ದಾರದಲ್ಲಿ ತಾತ್ಕಾಲಿಕವಾಗಿ ಇಳಿಬಿಡಿ. ಭಾರದ ಶೇಡಾದರೆ ಅಷ್ಟೇ ಅಗಲದ ರಟ್ಟಿನ ತುಂಡು ಸಾಕು. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನೂ ಎಲ್ಲರಿಗಿಂತ ಗಿಡ್ಡನೆಯವರನ್ನೂ ಎದುರುಬದುರು ಕೂರಿಸಿ. ಎತ್ತರದವರಿಗೆ ಮುಖ ಕಾಣುತ್ತದೆಯೇ, ಗಿಡ್ಡನೆಯವರಿಗೆ ಶೇಡಿನೊಳಗೆ ಬಲ್ಬಿನ ಜಾಗ ಕಾಣುತ್ತದೆಯೇ ಎಂದು ಕೇಳಿ. ಒಬ್ಬರು ಎದ್ದು ಬಾಗಿ ಬಡಿಸುವಂತೆಯೂ ಮಾಡಿ, ತಲೆ ತಗಲುತ್ತದೆಯೇ ನೋಡಿ. ಸರಿ ಎನಿಸಿದ ಎತ್ತರವನ್ನು ಮೇಜಿನಿಂದ ಅಳೆದು ಬರೆದಿಟ್ಟುಕೊಳ್ಳಿ.

ಚಾವಣಿ ಎತ್ತರವಾದಷ್ಟೂ ದೀಪವನ್ನೂ ಏರಿಸಬೇಕು ಎಂಬ ಸಲಹೆ ನೀವು ಕೇಳಿರಬಹುದು. ದೂರದಿಂದ ಕೋಣೆಯನ್ನು ನೋಡುವಾಗ ಅದು ಚೆನ್ನಾಗಿ ಕಾಣಬಹುದು. ಆದರೆ ಚಾವಣಿ ಎತ್ತರವಾಯಿತೆಂದು ಕೂತವರ ಕಣ್ಣು ಮೇಲೆ ಹೋಗುವುದಿಲ್ಲ, ಅಲ್ವಾ? ಬೇಕಿದ್ದರೆ ಐದಾರು ಸೆಂಟಿಮೀಟರ್ ಏರಿಸಿ, ಅದಕ್ಕಿಂತ ಜಾಸ್ತಿ ಬೇಡ.

ಪೂರ್ತಿ ಪಾರದರ್ಶಕ ಗಾಜಿನ ಶೇಡಿಗೆ ಈ ಲೆಕ್ಕ ನಡೆಯುವುದಿಲ್ಲ. ಯಾವ ಎತ್ತರದಲ್ಲಿಟ್ಟರೂ ಬಲ್ಬು ಕಾಣುತ್ತದೆ. ಅದಕ್ಕೆ ಹಾಲುಬಣ್ಣದ ಕಡಿಮೆ ಬೆಳಕಿನ ಬಲ್ಬು ಹಾಕಿ.

3. ವೈರಿನ ಉದ್ದ

ಅದೇ ಉದಾಹರಣೆ. ನೆಲದಿಂದ ಚಾವಣಿ 290 ಸೆಂ.ಮೀ. ಮೇಜು 75, ಅದರ ಮೇಲೆ 70 ಸೇರಿಸಿದರೆ ಶೇಡಿನ ಅಂಚು ನೆಲದಿಂದ 145. ಶೇಡ್ 22, ಅದರ ಮೇಲೆ ಹೋಲ್ಡರ್ ಚಾಚಿಕೊಂಡಿರುವುದು 5. ಹೋಲ್ಡರಿನ ಮೇಲ್ತುದಿ 172ಕ್ಕೆ ಬಂತು. ರೋಸ್ ಚಾವಣಿಯಿಂದ 5 ಕೆಳಗೆ ಬರುತ್ತದೆ, ಅಂದರೆ 285. ಕಾಣುವ ವೈರ್ 285ರಲ್ಲಿ 172 ಕಳೆದರೆ 113.

ಇದು ಕಾಣುವ ಭಾಗ ಮಾತ್ರ. ಹೋಲ್ಡರಿನ ಒಳಗೆ 5, ರೋಸ್‌ನೊಳಗೆ ಜೋಡಿಸಲು 12, ಮುಂದೆ ಮೇಜು ಬದಲಾದರೆ ಇಳಿಸಲು ಬೇಕಾಗುತ್ತದೆ ಎಂದು 15. ಒಟ್ಟು 145 ಸೆಂ.ಮೀ. ಕತ್ತರಿಸಿ. ಆ 15 ಬಟ್ಟಲಿನೊಳಗೆ ಒಂದು ಸುತ್ತಾಗಿ ಮಲಗುತ್ತದೆ. ಬಟ್ಟಲು ಚಿಕ್ಕದಾಗಿದ್ದು ಸುತ್ತು ತುರುಕಬೇಕಾದರೆ ಹೆಚ್ಚುವರಿಯನ್ನು ಬಿಟ್ಟುಬಿಡಿ. ತುರುಕಿದ ವೈರ್ ಟರ್ಮಿನಲ್‌ಗಳನ್ನು ತಳ್ಳುತ್ತಿರುತ್ತದೆ.

ಸುರುಳಿಯಿಂದ ಬಿಡಿಸಿದ ಹೊಸ ವೈರ್ ನೇರವಾಗಿ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಒಂದು ತುದಿಗೆ ಶೇಡಿನಷ್ಟೇ ಭಾರ ಕಟ್ಟಿ ಒಂದು ರಾತ್ರಿ ತೂಗುಬಿಡಿ. ಆಮೇಲೆ ಅಳೆದು ಕತ್ತರಿಸಿ. ಬಟ್ಟೆಯ ವೈರಾದರೆ ಕತ್ತರಿಸುವ ಜಾಗಕ್ಕೆ ಮೊದಲು ಟೇಪು ಸುತ್ತಿ, ಟೇಪಿನ ನಡುವೆ ಕತ್ತರಿಸಿ. ಇಲ್ಲದಿದ್ದರೆ ಬಟ್ಟೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

4. ಕರೆಂಟ್ ತೆಗೆಯಿರಿ

ಸ್ವಿಚ್ ಆಫ್ ಮಾಡಿದರೆ ಸಾಲದು. ಕೆಲವು ಮನೆಗಳಲ್ಲಿ ಸ್ವಿಚ್ ಆಫ್ ಇದ್ದರೂ ರೋಸ್‌ನ ಒಂದು ಟರ್ಮಿನಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಯಾಕೆಂದರೆ ಮುಂದಿನ ದೀಪಕ್ಕೆ ಲೈನ್ ಹೋಗುವುದು ಅಲ್ಲಿಂದಲೇ. ಎಂಸಿಬಿಯನ್ನೇ ಕೆಳಗಿಳಿಸಿ, ಬೇರೆ ಯಾರೂ ಎತ್ತದಂತೆ ಮನೆಯವರಿಗೆಲ್ಲ ಹೇಳಿ.

ಆಮೇಲೆ ಟೆಸ್ಟರ್. ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಬೇರೆ ಪಾಯಿಂಟ್‌ನಲ್ಲಿ ಟೆಸ್ಟರ್ ಕೆಲಸ ಮಾಡುತ್ತಿದೆಯೇ ನೋಡಿ. ನಂತರ ರೋಸ್‌ನ ಒಂದೊಂದು ತಂತಿಯನ್ನೂ ನೋಡಿ. ಕೊನೆಗೆ ಮತ್ತೆ ಆ ಮೊದಲ ಪಾಯಿಂಟ್‌ನಲ್ಲಿ ನೋಡಿ. ಸ್ಕ್ರೂಡ್ರೈವರ್‌ನಂಥ ಟೆಸ್ಟರಿಗಿಂತ ಎರಡು ಕಡ್ಡಿಯ ವೋಲ್ಟೇಜ್ ಟೆಸ್ಟರ್ ಹೆಚ್ಚು ನಂಬಿಕೆಯದ್ದು.

ಹಳೆಯ ದೀಪ ಬಿಚ್ಚುವ ಮೊದಲು ಯಾವ ತಂತಿ ಎಲ್ಲಿತ್ತು ಎಂದು ಫೋಟೋ ತೆಗೆದುಕೊಳ್ಳಿ. ಎರಡೋ ಮೂರೋ ತಂತಿ ಇರಬೇಕಾದಲ್ಲಿ ಐದಾರು ಇದ್ದರೆ, ಮತ್ತು ಯಾವುದು ಯಾವುದಕ್ಕೆ ಎಂದು ತಿಳಿಯದಿದ್ದರೆ, ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ತಂತಿಯ ಬಣ್ಣವೊಂದನ್ನೇ ನಂಬಬೇಡಿ.

5. ಚಾವಣಿಗೆ ಪಟ್ಟಿ ಕೂರಿಸಿ

ಕಾಂಕ್ರೀಟ್ ಚಾವಣಿಗೆ 6 ಮಿ.ಮೀ. ವಾಲ್ ಪ್ಲಗ್ ಸಾಕು. ರಂಧ್ರ ಪ್ಲಗ್‌ಗಿಂತ ಸ್ವಲ್ಪ ಆಳವಿರಲಿ, ದೂಳನ್ನು ಊದಿ ತೆಗೆಯಿರಿ. ವೈರ್ ಬರುವ ಪೈಪು ಕಾಂಕ್ರೀಟಿನೊಳಗೆ ಯಾವ ದಿಕ್ಕಿಗೆ ಹೋಗಿದೆ ಎಂದು ನೋಡಿ, ಆ ದಿಕ್ಕಿನಲ್ಲಿ ಡ್ರಿಲ್ ಮಾಡಬೇಡಿ. ಮರದ ಚಾವಣಿಯಾದರೆ ತೊಲೆಗೇ ಸ್ಕ್ರೂ ಇಳಿಯಬೇಕು.

ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಇದ್ದರೆ ಹಲಗೆಗೆ ಮಾತ್ರ ಸ್ಕ್ರೂ ಹಾಕಿ ಬಿಡಬೇಡಿ. ಹಲಗೆಯ ಹಿಂದೆ ಮರದ ಪಟ್ಟಿ ಕೂರಿಸಿ, ಆ ಪಟ್ಟಿಯನ್ನು ಮೇಲಿನ ಗಟ್ಟಿ ಚೌಕಟ್ಟಿಗೋ ಚಾವಣಿಗೋ ಸೇರಿಸಿ ಅದಕ್ಕೆ ಸ್ಕ್ರೂ ಹಾಕಬೇಕು. ಪಟ್ಟಿ ಕೂತ ಮೇಲೆ ಎರಡು ಬೆರಳು ಸಿಕ್ಕಿಸಿ ಗಟ್ಟಿಯಾಗಿ ಕೆಳಗೆ ಎಳೆಯಿರಿ. ಕೂದಲೆಳೆಯಷ್ಟೂ ಅಲುಗಬಾರದು.

6. ಪೋಣಿಸುವ ಕ್ರಮ

ಇಲ್ಲಿ ಆತುರಪಟ್ಟರೆ ಎಲ್ಲ ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ. ತಂತಿಗಳನ್ನು ಜೋಡಿಸುವ ಮೊದಲೇ ವೈರಿಗೆ ಎಲ್ಲವನ್ನೂ ಪೋಣಿಸಿರಬೇಕು. ಮೇಲಿನಿಂದ ಕೆಳಕ್ಕೆ ನೋಡಿದರೆ ಮೊದಲು ರೋಸ್‌ನ ಬಟ್ಟಲು, ಬಾಯಿ ಮೇಲಕ್ಕೆ. ಅದರ ಕೆಳಗೆ ಅದರ ಗ್ರಿಪ್. ಆಮೇಲೆ ಹೋಲ್ಡರಿನ ಗ್ರಿಪ್, ಕೊನೆಗೆ ಹೋಲ್ಡರಿನ ಮುಚ್ಚಳ. ಶೇಡ್ ಮೇಲಿನಿಂದ ಇಳಿಯುವ ಬಗೆಯದ್ದಾದರೆ ಅದೂ ಈಗಲೇ ಬರಬೇಕು, ಹೋಲ್ಡರಿನ ಗ್ರಿಪ್‌ಗಿಂತ ಮೇಲೆ.

7. ಹೋಲ್ಡರ್ ತುದಿ

ವೈರಿನ ಹೊರಮೈಯನ್ನು 4 ಸೆಂ.ಮೀ.ನಷ್ಟು ಸುಲಿಯಿರಿ. ಒಳತಂತಿಗಳ ತುದಿಯನ್ನು 7–8 ಮಿ.ಮೀ. ಮಾತ್ರ ಸುಲಿದು, ತಾಮ್ರದ ಎಳೆಗಳನ್ನು ಹುರಿಗೊಳಿಸಿ ಟರ್ಮಿನಲ್‌ಗೆ ಹಾಕಿ ಬಿಗಿಯಿರಿ. ಒಂದು ಎಳೆಯೂ ಹೊರಗೆ ಚಾಚಿರಬಾರದು. ತಿರುಪಿನ ಬಲ್ಬಿನ ಹೋಲ್ಡರಾದರೆ ಫೇಸ್ ತಂತಿ ನಡುವಿನ ತಗಡಿಗೆ ಹೋಗುವ ಟರ್ಮಿನಲ್‌ಗೆ, ನ್ಯೂಟ್ರಲ್ ಸುತ್ತಲಿನ ತಿರುಪಿಗೆ. ಅದಲುಬದಲಾದರೆ ಬಲ್ಬು ಬದಲಿಸುವಾಗ ಬೆರಳು ತಾಗುವ ತಿರುಪಿನಲ್ಲೇ ಕರೆಂಟ್ ಇರುತ್ತದೆ. ಅರ್ಥಿಂಗ್ ತಂತಿಯನ್ನು ಉಳಿದೆರಡಕ್ಕಿಂತ ಒಂದಿಷ್ಟು ಉದ್ದ ಬಿಡಿ. ಯಾವತ್ತಾದರೂ ವೈರ್ ಕಿತ್ತು ಬಂದರೆ ಅದು ಕೊನೆಗೆ ಬಿಡಬೇಕು.

ಈಗ ಮುಚ್ಚಳ ತಿರುಗಿಸಿ, ಗ್ರಿಪ್ ಬಿಗಿಯಿರಿ. ಗ್ರಿಪ್ ಕಚ್ಚಬೇಕಾದ್ದು ವೈರಿನ ಹೊರಮೈಯನ್ನು, ಸುಲಿದ ಒಳತಂತಿಗಳನ್ನಲ್ಲ. ಹೊರಮೈ ಗ್ರಿಪ್ ದಾಟಿ ಒಳಗೆ ಒಂದು ಸೆಂಟಿಮೀಟರಾದರೂ ಬಂದಿರಲಿ. ಒಳಗಿನ ತಂತಿಗಳು ಬಿಗಿಯಾಗಿ ಎಳೆದಂತೆ ಇರದೆ ಚಿಕ್ಕದಾಗಿ ಬಾಗಿರಬೇಕು. ಆ ಬಾಗು ಇದ್ದರೆ ಭಾರ ಗ್ರಿಪ್ ಮೇಲಿದೆ ಎಂದರ್ಥ.

8. ರೋಸ್ ತುದಿ

ಇದಕ್ಕೆ ಇನ್ನೊಬ್ಬರು ಬೇಕು. ಅವರು ದೀಪವನ್ನು ಕೈಯಲ್ಲಿ ಎತ್ತಿ ಹಿಡಿದಿರಲಿ, ನೀವು ಏಣಿಯ ಮೇಲೆ. ಬಟ್ಟಲಿನ ಗ್ರಿಪ್ ಅನ್ನು 113 ಸೆಂ.ಮೀ. ಗುರುತಿಗೆ ತಂದು ಬಿಗಿಯಿರಿ. ಮನೆಯ ಫೇಸ್‌ಗೆ ದೀಪದ ಫೇಸ್, ನ್ಯೂಟ್ರಲ್‌ಗೆ ನ್ಯೂಟ್ರಲ್, ಅರ್ಥಿಂಗ್‌ಗೆ ಅರ್ಥಿಂಗ್ ಕೊಡಿ. ಬಟ್ಟಲು ಲೋಹದ್ದಾದರೆ ಅದಕ್ಕೂ ಅರ್ಥಿಂಗ್ ಬೇಕು. ಒಂದೊಂದು ತಂತಿಯನ್ನೂ ಬೆರಳಲ್ಲಿ ಹಿಡಿದು ಎಳೆದು ನೋಡಿ. ಹೆಚ್ಚುವರಿ ವೈರನ್ನು ಒಂದು ಸುತ್ತು ಮಾಡಿ ಒಳಗಿಟ್ಟು ಬಟ್ಟಲನ್ನು ಪಟ್ಟಿಗೆ ಸೇರಿಸಿ. ಅಂಚಿನಲ್ಲಿ ಯಾವ ತಂತಿಯೂ ಸಿಕ್ಕಿಕೊಳ್ಳಬಾರದು.

9. ಎಳೆದು ನೋಡಿ, ಆಮೇಲೆ ಕರೆಂಟ್ ಕೊಡಿ

ಗ್ರಿಪ್ ಹೊರಗೆ ವೈರ್ ಹೊರಬರುವ ಜಾಗಕ್ಕೆ ಪೆನ್ನಿನಿಂದ ಸಣ್ಣ ಗೆರೆ ಹಾಕಿ. ರೋಸ್ ಹತ್ತಿರ ಒಂದು, ಹೋಲ್ಡರ್ ಹತ್ತಿರ ಒಂದು. ದೀಪದ ಜೊತೆಗೆ ಅದರಷ್ಟೇ ಇನ್ನೊಂದು ಭಾರ ಇದೆ ಎನ್ನುವಂತೆ ಹೋಲ್ಡರ್ ಹಿಡಿದು ನಿಧಾನವಾಗಿ ಕೆಳಗೆ ಎಳೆಯಿರಿ. ಗೆರೆ ಗ್ರಿಪ್‌ನಿಂದ ದೂರ ಸರಿದರೆ ಗ್ರಿಪ್ ಸಡಿಲ. ಬಟ್ಟೆಯ ವೈರಿನಲ್ಲಿ ಒಂದು ಮೋಸವಿದೆ: ಬಟ್ಟೆ ಹಿಡಿತದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ, ಒಳಗಿನ ತಂತಿ ಮಾತ್ರ ಜಾರುತ್ತಿರುತ್ತದೆ. ಆಗ ಗೆರೆ ಸರಿಯುವುದಿಲ್ಲ, ಆದರೆ ಗ್ರಿಪ್ ಹೊರಗಿನ ಬಟ್ಟೆ ಎಳೆದಂತಾಗಿ ತೆಳುವಾಗುತ್ತದೆ. ಹಾಗೆ ಕಂಡರೆ ವೈರಿನ ದಪ್ಪಕ್ಕೆ ಸರಿಹೊಂದುವ ಗ್ರಿಪ್ ತಂದು ಹಾಕಿ. ಸುಮ್ನೆ ಇನ್ನಷ್ಟು ಬಿಗಿಯುತ್ತಾ ಹೋಗಬೇಡಿ.

ಎಂಸಿಬಿ ಎತ್ತಿ, ಸ್ವಿಚ್ ಹಾಕಿ. ಮತ್ತೆ ಕುರ್ಚಿಯಲ್ಲಿ ಕೂತು ನೋಡಿ. ಒಂದೆರಡು ಸೆಂಟಿಮೀಟರ್ ಬದಲಿಸಬೇಕೆನಿಸಿದರೆ ಮತ್ತೆ ಎಂಸಿಬಿ ಇಳಿಸಿ, ಒಬ್ಬರು ದೀಪ ಹಿಡಿದಿರುವಾಗ ರೋಸ್‌ನ ಗ್ರಿಪ್ ಸಡಿಲಿಸಿ ವೈರನ್ನು ಸರಿಸಿ ಬಿಗಿಯಿರಿ. ಹೋಲ್ಡರ್ ತುದಿಯ ಗ್ರಿಪ್ ಮುಟ್ಟುವ ಅಗತ್ಯವಿಲ್ಲ.

ಒಂದು ವಾರ ಬಿಟ್ಟು ಮೇಜಿನಿಂದ ಅಂಚಿಗೆ ಮತ್ತೆ ಅಳೆಯಿರಿ. ವೈರಿನ ಸುರುಳಿ ಬಿಟ್ಟು ದೀಪ ಒಂದು ಸೆಂಟಿಮೀಟರಿನಷ್ಟು ಇಳಿದಿದ್ದರೆ ಅದು ಸಹಜ. ಗ್ರಿಪ್ ಹತ್ತಿರದ ಗೆರೆಯೂ ಸರಿದಿದ್ದರೆ ಮಾತ್ರ ಗ್ರಿಪ್ ಬದಲಿಸಿ. ಮುಂದೆ ಬಲ್ಬು ಬದಲಿಸುವಾಗ ಒಂದು ಕೈಯಲ್ಲಿ ಹೋಲ್ಡರ್ ಹಿಡಿದು ಇನ್ನೊಂದು ಕೈಯಲ್ಲಿ ಬಲ್ಬು ತಿರುಗಿಸಿ. ಹೋಲ್ಡರ್ ಹಿಡಿಯದೆ ತಿರುಗಿಸಿದರೆ ವೈರ್ ಗ್ರಿಪ್‌ನೊಳಗೇ ತಿರುಚಿಕೊಂಡು ಹಿಡಿತ ಸಡಿಲವಾಗುತ್ತದೆ.